ಬೀದಿಯಲ್ಲಿ ಕಾಮಾಲೆ, ಮನೆಯಲ್ಲಿ ಬಸುರಿ: ಮೊದಲ ದಿನದಿಂದ ಏನೇನು ಮಾಡಬೇಕು

ದೀಪಾವಳಿ ಕಳೆದು ಒಂದು ವಾರ ಆಗಿತ್ತು. ಮಧುಗಿರಿ ಕಡೆಯ ಹಳ್ಳಿಯಿಂದ ಏಳು ತಿಂಗಳ ಬಸುರಿಯೊಬ್ಬಳು ತಿಂಗಳ ಚೆಕಪ್‌ಗೆ ಬಂದಿದ್ದಳು. ಜೊತೆಗೆ ಗಂಡ, ಅತ್ತೆ. ನಾನು ಹೆರಿಗೆ ವಾರ್ಡಿನ ನರ್ಸ್. ತಾಯಿ ಕಾರ್ಡ್ ತೆಗೆದುಕೊಳ್ಳಲು ಕೈ ಚಾಚಿದಾಗ ಗಂಡನ ಮುಖ ನೋಡಿದೆ. ಕಣ್ಣಿನ ಬಿಳಿ ಭಾಗ ಅರಿಶಿನ ನೀರು ಹಾಕಿದ ಹಾಗಿತ್ತು.

"ಎಷ್ಟು ದಿನ ಆಯ್ತಪ್ಪ ಹಿಂಗಾಗಿ?" ಅಂದೆ.

ಅತ್ತೆಯೇ ಉತ್ತರ ಕೊಟ್ಟರು. "ನಾಲ್ಕು ದಿನ ಆಯ್ತು ಸಿಸ್ಟರ್. ನಾಟಿ ಔಷಧಿ ಹಾಕಿಸಿದೀವಿ. ಉಪ್ಪು, ಎಣ್ಣೆ ಎಲ್ಲಾ ನಿಲ್ಲಿಸಿದೀವಿ. ಭಾನುವಾರ ಇನ್ನೊಂದು ಸಲ ಬರೋಕೆ ಹೇಳಿದಾರೆ. ಅವನ ಚಿಂತೆ ಬಿಡಿ, ಇವಳನ್ನ ನೋಡಿ."

ಅವರು ಹೇಳಿದ್ದರಲ್ಲಿ ಕೊನೆಯ ಮಾತು ಸರಿಯಾಗಿತ್ತು. ಅವನಿಗಿಂತ ಜಾಸ್ತಿ ನೋಡಬೇಕಾದದ್ದು ಅವಳನ್ನೇ. ಆದರೆ ಕಾರಣ ಅವರಿಗೆ ಗೊತ್ತಿರಲಿಲ್ಲ. ಗಂಡನಿಗೆ ಕಾಮಾಲೆ ತಂದ ನೀರನ್ನೇ ಅವಳೂ ಕುಡಿದಿದ್ದಳು. ಅವನಿಗೆ ಒಂದು ತಿಂಗಳ ಸುಸ್ತು ಕೊಟ್ಟು ಹೋಗುವ ಕಾಯಿಲೆ ಅವಳ ಜೀವಕ್ಕೇ ಬರಬಹುದಿತ್ತು.

ಈ ಮನೆಯವರ ಎರಡು ತಿಂಗಳ ಕಥೆಯನ್ನೇ ಹಿಡಿದುಕೊಂಡು, ಇಂಥ ಸಂದರ್ಭದಲ್ಲಿ ಯಾವಾಗ ಏನು ಮಾಡಬೇಕು ಅಂತ ಬರೆಯುತ್ತಿದ್ದೇನೆ. ಎಲ್ಲ ಬಗೆಯ ಕಾಮಾಲೆಯ ವಿಷಯ ಇಲ್ಲಿಲ್ಲ. ನೀರಿನಿಂದ ಬರುವ ಎರಡರ ವಿಷಯ ಮಾತ್ರ: ಹೆಪಟೈಟಿಸ್ ಎ ಮತ್ತು ಹೆಪಟೈಟಿಸ್ ಇ. ಇನ್ನು ಮುಂದೆ ಸುಮ್ನೆ ಎ, ಇ ಅನ್ನುತ್ತೇನೆ.

ಎ ಯಾವುದು, ಇ ಯಾವುದು

ಎರಡೂ ವೈರಸ್‌ಗಳು. ಎರಡೂ ರೋಗಿಯ ಮಲದಲ್ಲಿ ಹೊರಬಂದು, ನೀರಿನಲ್ಲೋ ಊಟದಲ್ಲೋ ಸೇರಿ, ಇನ್ನೊಬ್ಬರ ಬಾಯಿಗೆ ಹೋಗುತ್ತವೆ. ಎರಡೂ ಲಿವರ್‌ನಲ್ಲಿ ಕೂರುತ್ತವೆ. ಕಣ್ಣು ನೋಡಿ, ಮೂತ್ರ ನೋಡಿ ಇದು ಎ, ಇದು ಇ ಅಂತ ಯಾವ ಡಾಕ್ಟರೂ ಹೇಳಲಾರರು. ರಕ್ತ ಪರೀಕ್ಷೆಯೇ ಆಗಬೇಕು.

ಆದರೂ ಒಂದು ಅಂದಾಜು ಸಿಗುತ್ತದೆ. ಎ ಹೆಚ್ಚಾಗಿ ಮಕ್ಕಳ ಕಾಯಿಲೆ. ಆರು ವರ್ಷದೊಳಗಿನ ಬಹಳಷ್ಟು ಮಕ್ಕಳಿಗೆ ಕಣ್ಣು ಹಳದಿಯೇ ಆಗುವುದಿಲ್ಲ. ಎರಡು ದಿನ ಜ್ವರ, ವಾಂತಿ ಅಂತ ಬಂದು ಹೋಗಿರುತ್ತದೆ. ಇ ಹಿಡಿಯುವುದು ಹೆಚ್ಚಾಗಿ ಹರೆಯದವರನ್ನು, ಅಂದರೆ 15ರಿಂದ 40 ವರ್ಷದವರನ್ನು. ಒಂದೇ ಬೀದಿಯಲ್ಲಿ ಒಂದೇ ತಿಂಗಳಲ್ಲಿ ನಾಲ್ಕೈದು ಜನ ದುಡಿಯುವ ವಯಸ್ಸಿನವರಿಗೆ ಕಾಮಾಲೆ ಬಂದರೆ ನನ್ನ ಮನಸ್ಸು ಮೊದಲು ಇ ಕಡೆಗೇ ಹೋಗುತ್ತದೆ. ಬಸುರಾಗುವ ವಯಸ್ಸೂ ಅದೇ ಅಲ್ವಾ?

ಎ ಗೆ ಲಸಿಕೆ ಇದೆ. ಒಂದು ವರ್ಷ ತುಂಬಿದ ಮಕ್ಕಳಿಗೆ ಖಾಸಗಿಯಾಗಿ ಹಾಕಿಸಬಹುದು. ಇ ಗೆ ಚೀನಾದಲ್ಲಿ ಲಸಿಕೆ ಬಂದು ವರ್ಷಗಳಾದವು. ನಮ್ಮ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಹಾಕುವ ಲಸಿಕೆಗಳ ಪಟ್ಟಿಯಲ್ಲಿ ಅದಿಲ್ಲ. ಹಾಗಾಗಿ ಬಸುರಿಯನ್ನು ಕಾಯಬೇಕಾದದ್ದು ನೀರಿನಿಂದ, ಮತ್ತು ದಿನ ಎಣಿಸುವುದರಿಂದ.

ಹಿಂದಕ್ಕೆ ಎಣಿಸಿ

ಆ ದಿನ ನಾನು ಗಂಡನನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿದೆ. "ಒಂದು ಒಂದೂವರೆ ತಿಂಗಳ ಹಿಂದೆ ನಿಮ್ಮ ಬೀದಿ ನೀರಲ್ಲಿ ಏನಾದ್ರೂ ವ್ಯತ್ಯಾಸ ಆಗಿತ್ತಾ?"

ಅವನು ಯೋಚಿಸಿ ಹೇಳಿದ. ಪಿತೃಪಕ್ಷದಲ್ಲಿ ಜೋರು ಮಳೆ ಬಂದು ಚರಂಡಿ ತುಂಬಿ ರಸ್ತೆಗೆ ಬಂದಿತ್ತಂತೆ. ವಾಲ್ವ್ ಇರುವ ಗುಂಡಿಯೂ ಮುಳುಗಿತ್ತು. ಆಮೇಲೆ ಎರಡು ಸಲ ಬಿಟ್ಟ ನಲ್ಲಿ ನೀರು ಸ್ವಲ್ಪ ಮಬ್ಬಾಗಿತ್ತು. ಮೂರನೇ ಸಲಕ್ಕೆ ತಿಳಿಯಾಯಿತು. ಎಲ್ಲರೂ ಮರೆತರು.

ಇ ಮೈಗೆ ಹೊಕ್ಕು ಕಾಯಿಲೆಯಾಗಿ ಕಾಣಿಸಿಕೊಳ್ಳಲು ಎರಡು ವಾರದಿಂದ ಹತ್ತು ವಾರ ಹಿಡಿಯುತ್ತದೆ. ಹೆಚ್ಚಿನವರಿಗೆ ಐದಾರು ವಾರ. ಎ ಗೆ ಸುಮಾರು ನಾಲ್ಕು ವಾರ. ಹೀಗಾಗಿ ಜನ ಕಾಮಾಲೆಗೆ ನಿನ್ನೆ ಮೊನ್ನೆ ತಿಂದ ಹೋಟೆಲ್ ಊಟವನ್ನು ಬೈಯುತ್ತಾರೆ. ನಿಜವಾದ ಕಾರಣ ಹಿಂದಿನ ಹಬ್ಬದ ಆಚೆ ಇರುತ್ತದೆ.

ಈ ಲೆಕ್ಕ ಮುಂದಕ್ಕೂ ಬೇಕು. ಇವತ್ತಿನಿಂದ ನೀರು ಕುದಿಸಿ ಕೊಟ್ಟರೂ, ಹೋದ ತಿಂಗಳು ಒಳಗೆ ಹೋದ ವೈರಸ್ ಒಳಗೇ ಇದೆ. ಆದ್ದರಿಂದ ಬೀದಿಯಲ್ಲಿ ಕೊನೆಯ ಕಾಮಾಲೆ ರೋಗಿ ಕಂಡ ದಿನದಿಂದ ಎರಡು ಎರಡೂವರೆ ತಿಂಗಳು ಬಸುರಿಯ ಮೇಲೆ ಕಣ್ಣಿಟ್ಟಿರಬೇಕು. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿಕೊಳ್ಳಿ. ಅವಳಿಗೆ ನಾನೇ ತಾಯಿ ಕಾರ್ಡಿನ ಹಿಂದೆ ಪೆನ್ನಿನಲ್ಲಿ ಬರೆದುಕೊಟ್ಟೆ.

ನೀರಿಗೆ ಅದು ಹೇಗೆ ಬಂತು

ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಊರುಗಳಲ್ಲಿ ನಲ್ಲಿ ನೀರು ದಿನಪೂರ್ತಿ ಬರುವುದಿಲ್ಲ. ನೀರಗಂಟಿ ಮೂರು ದಿನಕ್ಕೋ ವಾರಕ್ಕೋ ಒಂದು ಸಲ ಬಿಡುತ್ತಾನೆ. ನೀರು ಹರಿಯುವಾಗ ಪೈಪಿನೊಳಗೆ ಒತ್ತಡ ಇರುತ್ತದೆ. ಬಿರುಕು ಇದ್ದರೆ ನೀರು ಹೊರಗೆ ಸೋರುತ್ತದೆ. ನಿಲ್ಲಿಸಿದ ಮೇಲೆ ಒತ್ತಡ ಬೀಳುತ್ತದೆ, ಪೈಪು ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಪೈಪಿನ ಪಕ್ಕದಲ್ಲೇ ಚರಂಡಿ ಇದ್ದರೆ ಏನು ಒಳಗೆ ಹೋಗುತ್ತದೆ ಅಂತ ಹೇಳಬೇಕಿಲ್ಲ.

ಇನ್ನೊಂದು ಇದೆ, ಮನೆಮನೆಯಲ್ಲೂ ನೋಡುತ್ತೇನೆ. ನೀರು ಸಣ್ಣಗೆ ಬರುತ್ತದೆ ಅಂತ ನಲ್ಲಿಗೆ ನೇರವಾಗಿ ಮೋಟರ್ ಹಾಕುತ್ತಾರೆ. ಆ ಮೋಟರ್ ಬೀದಿಯ ಪೈಪಿನಿಂದ ಹೀರುತ್ತದೆ. ಎಲ್ಲೋ ಹತ್ತು ಮನೆ ಆಚೆ ಬಿರುಕಿದ್ದರೂ ಅಲ್ಲಿನ ಕೊಳೆ ನೀರು ಲೈನಿನೊಳಗೆ ಬರುತ್ತದೆ. ಬೀದಿಯಲ್ಲಿ ಕಾಮಾಲೆ ಇರುವಾಗ ದಯವಿಟ್ಟು ನೇರ ಮೋಟರ್ ಹಾಕಬೇಡಿ. ನೀರು ತಾನಾಗಿ ಸಂಪಿಗೆ ಬೀಳಲಿ, ಆಮೇಲೆ ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸಿ. ನೀರು ಬಿಟ್ಟ ಮೊದಲ ಹತ್ತು ನಿಮಿಷದ ನೀರನ್ನು ಗಿಡಕ್ಕೋ ಅಂಗಳಕ್ಕೋ ಬಿಡಿ.

ನೀರು ತಿಳಿಯಾಗಿದ್ದರೆ ಸಾಕು ಅಂತ ನಂಬಬೇಡಿ. ಈ ವೈರಸ್ ಎಷ್ಟು ಸಣ್ಣದು ಅಂದರೆ ಒಂದು ಮಿಲಿಮೀಟರ್ ಜಾಗದಲ್ಲಿ ಸುಮಾರು 30 ಸಾವಿರ ಸಾಲಾಗಿ ನಿಲ್ಲಬಹುದು. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ದಾಟಿ ಹೋಗುತ್ತದೆ. 1955ರ ಕೊನೆಯಲ್ಲಿ ದೆಹಲಿಯಲ್ಲಿ ಹೀಗೇ ಆಯಿತು. ಯಮುನೆಯಿಂದ ನೀರೆತ್ತುವ ಜಾಗಕ್ಕೆ ಚರಂಡಿ ನೀರು ಸೇರಿಕೊಂಡಿತು. ಗೊತ್ತಾಗಿ ಕ್ಲೋರಿನ್ ಜಾಸ್ತಿ ಹಾಕಿದರು. ಟೈಫಾಯ್ಡ್ ಹೆಚ್ಚಲಿಲ್ಲ, ಆದರೆ ಕಾಮಾಲೆ ಸುಮಾರು 29 ಸಾವಿರ ಜನಕ್ಕೆ ಬಂತು. ಟೈಫಾಯ್ಡಿನ ಬ್ಯಾಕ್ಟೀರಿಯಾ ಸಾಯುವಷ್ಟು ಕ್ಲೋರಿನ್ ಈ ವೈರಸ್ಸಿಗೆ ಸಾಲಲಿಲ್ಲ. ಅದು ಇ ಅಂತ ಗೊತ್ತಾದದ್ದು ಎಷ್ಟೋ ವರ್ಷದ ನಂತರ, ತೆಗೆದಿಟ್ಟಿದ್ದ ರಕ್ತ ಪರೀಕ್ಷೆ ಮಾಡಿದಾಗ.

ಮನೆಯಲ್ಲಿ ಆ ದಿನವೇ ಮಾಡುವ ಕೆಲಸ

ಕುದಿಸುವುದೇ ಎಲ್ಲಕ್ಕಿಂತ ಗಟ್ಟಿ ದಾರಿ. ಅಂಚಿನಲ್ಲಿ ಸಣ್ಣ ಗುಳ್ಳೆ ಬಂದ ತಕ್ಷಣ ಇಳಿಸಬಾರದು. ನೀರು ಕೊತಕೊತ ಕುದಿಯಬೇಕು, ಪಾತ್ರೆಯ ನಡುವಿನಿಂದಲೂ ದೊಡ್ಡ ಗುಳ್ಳೆ ಎದ್ದು ಉರುಳಬೇಕು. ಆಮೇಲೆ ಒಂದು ನಿಮಿಷ ಸಾಕು. ಬೆಟ್ಟದ ಮೇಲಿನ ಊರುಗಳಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುವುದರಿಂದ ಹೆಚ್ಚು ಹೊತ್ತು ಬೇಕು. ನಮ್ಮದು 800-900 ಮೀಟರ್ ಎತ್ತರದ ಸೀಮೆ, ಆ ಚಿಂತೆ ಇಲ್ಲ. ಗ್ಯಾಸ್ ಉಳಿಸಬೇಕು ಅಂತ ಬಿಸಿ ನೀರಿಗೆ ತಣ್ಣೀರು ಬೆರೆಸುವವರಿದ್ದಾರೆ. ಹಾಗೆ ಮಾಡಿದರೆ ಕುದಿಸಿದ್ದೆಲ್ಲ ವ್ಯರ್ಥ.

ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಲು ಬಿಡಿ. ಲೋಟ ಅದ್ದಬೇಡಿ. ಉದ್ದ ಹಿಡಿಯ ಸೌಟು ಇಡಿ, ಅಥವಾ ಕೆಳಗೆ ನಲ್ಲಿ ಇರುವ ಡ್ರಮ್ಮಿಗೆ ಹಾಕಿ.

ಈಗ ಎಲ್ಲರೂ ತಪ್ಪುವ ಜಾಗಕ್ಕೆ ಬರುತ್ತೇನೆ. ಆ ಮನೆಯ ಅತ್ತೆ, "ನಾವು ನಲ್ಲಿ ನೀರು ಕುಡಿಯೋದೇ ಇಲ್ಲ ಸಿಸ್ಟರ್, ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತೀವಿ" ಅಂದರು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಅಂತ ನಮ್ಮ ಕಡೆ ಬಹಳ ಜನ ಹಾಗೇ ಮಾಡುತ್ತಾರೆ. ಒಳ್ಳೆಯದೇ. ಆದರೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವುದು ಯಾವ ನೀರಲ್ಲಿ? ಮಜ್ಜಿಗೆಗೆ ಬೆರೆಸುವುದು ಯಾವುದನ್ನ? ಕೊತ್ತಂಬರಿ ಸೊಪ್ಪು, ಸೌತೆಕಾಯಿ ತೊಳೆಯುವುದು? ಚಟ್ನಿ ರುಬ್ಬುವಾಗ? ಕ್ಯಾನನ್ನೇ ತೊಳೆಯುವುದು? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಲ್ಲಿ ನೀರೇ" ಅಂದರು. ಒಲೆ ಮೇಲೆ ಬೇಯುವ ಸಾರು, ಮುದ್ದೆ, ಅನ್ನಕ್ಕೆ ನಲ್ಲಿ ನೀರು ಹಾಕಿದರೆ ತೊಂದರೆ ಇಲ್ಲ. ಬೇಯದೆ ಬಾಯಿಗೆ ಹೋಗುವ ಎಲ್ಲದಕ್ಕೂ ಕುದಿಸಿ ಆರಿಸಿದ ನೀರೇ ಬೇಕು.

ಕುದಿಸಲು ಆಗದವರು ಆಶಾ ಕಾರ್ಯಕರ್ತೆಯ ಹತ್ತಿರ ಕ್ಲೋರಿನ್ ಮಾತ್ರೆ ಕೇಳಿ. ಸಾಮಾನ್ಯವಾಗಿ ಕೊಡುವ ಅರ್ಧ ಗ್ರಾಂ ಮಾತ್ರೆ 20 ಲೀಟರಿಗೆ, ಅಂದರೆ ಒಂದು ಕ್ಯಾನಿಗೆ. ಪಟ್ಟಿಯ ಮೇಲೆ ಬರೆದ ಅಳತೆಯನ್ನೂ ಓದಿಕೊಳ್ಳಿ. ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ನೀರು ಮಬ್ಬಾಗಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿ, ಇಲ್ಲವಾದರೆ ಕ್ಲೋರಿನ್ ಕೊಳೆಯಲ್ಲೇ ಖರ್ಚಾಗಿಹೋಗುತ್ತದೆ. ಬಸುರಿಗೆ ಮಾತ್ರ ಹೇಗಾದರೂ ಮಾಡಿ ಕುದಿಸಿಯೇ ಕೊಡಿ.

ಗಂಡನ ಮಲದಲ್ಲಿ ಇನ್ನೂ ಎರಡು ಮೂರು ವಾರ ವೈರಸ್ ಇರಬಹುದು. ಇ ಒಬ್ಬರಿಂದ ಒಬ್ಬರಿಗೆ ನೇರವಾಗಿ ಅಂಟುವುದು ಕಡಿಮೆ. ಒಂದೇ ಮನೆಯಲ್ಲಿ ಇಬ್ಬರಿಗೆ ಬಂದರೆ ಸಾಮಾನ್ಯವಾಗಿ ಒಂದೇ ನೀರಿನಿಂದ ಬಂದಿರುತ್ತದೆ. ಎ ಹಾಗಲ್ಲ, ಮನೆಮಂದಿಗೆ ಸುಲಭವಾಗಿ ಅಂಟುತ್ತದೆ, ಅದೂ ಕಣ್ಣು ಹಳದಿಯಾಗುವ ಒಂದೆರಡು ವಾರ ಮೊದಲೇ. ಯಾವುದಾದರೂ ಸರಿ, ಅವನು ಅಡುಗೆ ಮುಟ್ಟದಿರಲಿ. ಶೌಚಕ್ಕೆ ಹೋಗಿ ಬಂದು ಸೋಪಿನಲ್ಲಿ, ಹರಿಯುವ ನೀರಿನಲ್ಲಿ ಕೈ ತೊಳೆಯಲಿ. ಸ್ಯಾನಿಟೈಸರ್ ಈ ವೈರಸ್‌ಗಳಿಗೆ ಸೋಪಿನಷ್ಟು ಕೆಲಸ ಮಾಡುವುದಿಲ್ಲ. ತಟ್ಟೆ ಲೋಟ ಬೇರೆ ಮಾಡಿ ಮೂಲೆಗೆ ಕೂರಿಸುವುದೇನೂ ಬೇಡ.

ಆಮೇಲೆ ಆಶಾ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಒಂದೇ ಬೀದಿಯಲ್ಲಿ ಎರಡು ಮೂರು ಕಾಮಾಲೆ ಅಂದರೆ ಅವರು ಬಂದು ನೀರು ನೋಡಲೇಬೇಕು. ಬಂದವರನ್ನು ಒಂದು ಮಾತು ಕೇಳಿ: ಬೀದಿಯ ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಎಷ್ಟಿದೆ? ವೈರಸ್ಸಿನ ಭಯ ಇರುವಾಗ ಲೀಟರಿಗೆ ಅರ್ಧ ಮಿಲಿಗ್ರಾಂ ಆದರೂ ಉಳಿದಿರಬೇಕು. ಟ್ಯಾಂಕಿನ ಹತ್ತಿರ ಅಳೆದು ಸರಿ ಇದೆ ಅಂದರೆ ಸಾಲದು. ಬೀದಿಯ ತುದಿಗೆ ಬರುವಷ್ಟರಲ್ಲಿ ಅದು ಖಾಲಿಯಾಗಿರಬಹುದು.

ಗಂಡನ ಕಾಮಾಲೆ ಹೇಗೆ ಹೋಯಿತು

ಅವನ ರಕ್ತ ತೆಗೆಸಿದೆವು. ಕಣ್ಣು ಹಳದಿ ಮಾಡುವ ಬಿಲಿರುಬಿನ್ 8.4. ಲಿವರ್ ಕಣಗಳಿಗೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುವ ಎಸ್‌ಜಿಪಿಟಿ 1,800. ಸಾಮಾನ್ಯವಾಗಿ ಬಿಲಿರುಬಿನ್ 1ರ ಆಸುಪಾಸು, ಎಸ್‌ಜಿಪಿಟಿ 40ರ ಆಸುಪಾಸು ಇರುತ್ತದೆ. ಹಾಳೆ ನೋಡಿ ಅತ್ತೆ ಬೆವರಿದರು. ನಾವು ನೋಡಿದ್ದು ಕೆಳಗಿನ ಸಾಲು: ಐಎನ್‌ಆರ್ 1.2. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ಲಿವರ್ ದಿನದಿನವೂ ತಯಾರಿಸುತ್ತದೆ. ಲಿವರ್ ಸೋತರೆ ಐಎನ್‌ಆರ್ ಏರುತ್ತದೆ. 1ರ ಹತ್ತಿರ ಇದ್ದರೆ ಲಿವರ್‌ಗೆ ಪೆಟ್ಟು ಬಿದ್ದಿದೆ, ಆದರೂ ಕೆಲಸ ಮಾಡುತ್ತಿದೆ ಅಂತ ಅರ್ಥ. ಇ ಈಚೆಗೆ ಬಂದಿದೆಯಾ ಅಂತ ತೋರಿಸುವ ಐಜಿಎಂ ಪರೀಕ್ಷೆ ಪಾಸಿಟಿವ್ ಬಂತು.

ಅವನ ಕಾಯಿಲೆ ಪುಸ್ತಕದಲ್ಲಿ ಬರೆದ ಹಾಗೇ ನಡೆಯಿತು. ಮೊದಲ ಐದು ದಿನ ಜ್ವರ, ಮೈಕೈ ನೋವು, ಒಗ್ಗರಣೆ ವಾಸನೆ ಕಂಡರೆ ವಾಕರಿಕೆ, ಬೀಡಿ ಸೇದುವವನಿಗೆ ಬೀಡಿಯೂ ಬೇಡ. ಆಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂತು. ಮರುದಿನವೋ ಅದರ ಮರುದಿನವೋ ಕಣ್ಣು ಹಳದಿ. ಹಳದಿ ಬಂದಾಗ ಜ್ವರ ಹೋಯಿತು, ಹಸಿವು ನಿಧಾನಕ್ಕೆ ಮರಳಿತು. ಎರಡು ವಾರಕ್ಕೆ ಎಸ್‌ಜಿಪಿಟಿ 300ಕ್ಕೆ ಇಳಿದರೂ ಬಿಲಿರುಬಿನ್ ಇನ್ನೂ 5 ಇತ್ತು. ಹಳದಿ ಇಳಿಯುವುದು ಯಾವಾಗಲೂ ಕೊನೆಗೆ. ಐದನೇ ವಾರಕ್ಕೆ ಕಣ್ಣು ಬಿಳಿಯಾಯಿತು. ಸುಸ್ತು ಮಾತ್ರ ಇನ್ನೊಂದು ತಿಂಗಳು ಬಿಡಲಿಲ್ಲ. ಎ ಆದರೂ ಇ ಆದರೂ ಬಹುತೇಕರಿಗೆ ಇದೇ ದಾರಿ. ಎ ಬಂದ ಕೆಲವರಿಗೆ ಮಾತ್ರ ಇಳಿದದ್ದು ಒಂದೆರಡು ತಿಂಗಳಲ್ಲಿ ಮತ್ತೊಮ್ಮೆ ಏರಿ ಇಳಿಯುತ್ತದೆ.

ಔಷಧಿಯೇನು ಅಂತ ಕೇಳುತ್ತೀರಿ. ವೈರಸ್ಸನ್ನು ಲಿವರೇ ಓಡಿಸುತ್ತದೆ. ನಾಟಿ ಔಷಧಿಗೆ ಇಷ್ಟು ಹೆಸರು ಬಂದದ್ದೂ ಇದಕ್ಕೇ. ಮೂರು ನಾಲ್ಕು ವಾರದಲ್ಲಿ ತಾನಾಗಿ ಹೋಗುವ ಕಾಯಿಲೆಗೆ ಮೂರು ಭಾನುವಾರ ಸೊಪ್ಪಿನ ರಸ ಕುಡಿದರೆ ಹೆಸರು ಸೊಪ್ಪಿಗೆ ಬರುತ್ತದೆ. ಕೊಡುವವರು ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ, ಹಣ ಕೂಡ ತೆಗೆದುಕೊಳ್ಳದವರಿದ್ದಾರೆ. ಆದರೆ ಏನೇನು ಬೆರೆಸಿದ್ದಾರೆ ಗೊತ್ತಿಲ್ಲದ ರಸವನ್ನು ಸೋತ ಲಿವರ್ ಮೇಲೆ ಹಾಕುವುದು ತಪ್ಪು. ಕೈಗೆ ಬರೆ ಹಾಕಿಸಿದರೆ ಗಾಯ ಒಂದು ಜಾಸ್ತಿ, ಅಷ್ಟೇ.

ಪಥ್ಯದ ಮಾತು. ಉಪ್ಪು, ಎಣ್ಣೆ, ಅರಿಶಿನ ಬಿಟ್ಟು ಬರೀ ಗಂಜಿ ಕುಡಿಸಿ ಕುಡಿಸಿ ರೋಗಿಯನ್ನು ಒಣಗಿಸುತ್ತಾರೆ. ಬೇಡ. ಅರಿಶಿನಕ್ಕೂ ಕಣ್ಣಿನ ಹಳದಿಗೂ ಸಂಬಂಧ ಇಲ್ಲ. ಮುದ್ದೆ, ಅನ್ನ, ಸಾರು, ಬೇಳೆ, ಮೊಟ್ಟೆ, ಒಪ್ಪಿದ್ದನ್ನು ತಿನ್ನಲಿ. ವಾಕರಿಕೆ ಸಂಜೆಗೆ ಜಾಸ್ತಿಯಾಗುತ್ತದೆ, ಆದ್ದರಿಂದ ಹೊಟ್ಟೆ ತುಂಬ ಊಟ ಬೆಳಗ್ಗೆಯೇ ಆಗಲಿ. ಕಬ್ಬಿನ ಹಾಲು ಕಾಮಾಲೆಗೆ ತಂಪು ಅಂತ ಬಸ್ ಸ್ಟ್ಯಾಂಡಿಗೆ ಕರೆದೊಯ್ಯುತ್ತಾರೆ. ಸಕ್ಕರೆಯಿಂದ ತೊಂದರೆ ಇಲ್ಲ. ಅದಕ್ಕೆ ಹಾಕುವ ಐಸ್ ಯಾವ ನೀರಿನದು, ಲೋಟ ಯಾವ ಬಕೆಟ್ಟಿನಲ್ಲಿ ಅದ್ದಿದ್ದು? ಆ ಬಕೆಟ್ಟು ಇನ್ನೊಬ್ಬರಿಗೆ ಕಾಮಾಲೆ ಕೊಡಬಹುದು.

ಜ್ವರಕ್ಕೆ ಪ್ಯಾರಸಿಟಮಾಲ್ ಡಾಕ್ಟರ್ ಹೇಳಿದರೆ ಮಾತ್ರ. ಹೇಳಿದರೂ ದಿನಕ್ಕೆ ಒಟ್ಟು 2 ಗ್ರಾಂ ದಾಟಬಾರದು. 650ರ ಮಾತ್ರೆಯಾದರೆ ಮೂರೇ. ನೋವಿನ ಮಾತ್ರೆ, ನಿದ್ದೆ ಮಾತ್ರೆ ಅಂಗಡಿಯಿಂದ ತರಬೇಡಿ. ಹೆಂಡ ಕನಿಷ್ಠ ಆರು ತಿಂಗಳು ಬೇಡ.

ಬಸುರಿಗೆ ಏಕೆ ಬೇರೆ ಲೆಕ್ಕ

ಇ ಬಂದ ಸಾಮಾನ್ಯ ಜನರಲ್ಲಿ ನೂರಕ್ಕೆ ಒಬ್ಬರೋ ಇಬ್ಬರೋ ಸಾಯುತ್ತಾರೆ. ಬಸುರಿಯ ಕೊನೆಯ ಮೂರು ತಿಂಗಳಲ್ಲಿ ಬಂದರೆ ಐದು ಜನರಲ್ಲಿ ಒಬ್ಬರು ಹೋಗಬಹುದು, ಕೆಲವು ಕಡೆ ನಾಲ್ಕರಲ್ಲಿ ಒಬ್ಬರು ಹೋಗಿದ್ದಾರೆ. 1978ರಲ್ಲಿ ಕಾಶ್ಮೀರದಲ್ಲಿ ಈ ಕಾಮಾಲೆ ಹಬ್ಬಿದಾಗ ಡಾಕ್ಟರ್ ಮೊಹಮ್ಮದ್ ಸುಲ್ತಾನ್ ಖುರೂ ಹಳ್ಳಿ ಹಳ್ಳಿ ಸುತ್ತಿ ಲೆಕ್ಕ ಬರೆದರು. ಬಸುರಿಯರಿಗೆ ಕಾಯಿಲೆ ಬಂದದ್ದೂ ಹೆಚ್ಚು, ಬಂದವರಲ್ಲಿ ಲಿವರ್ ಪೂರ್ತಿ ಸೋತವರೂ ಹೆಚ್ಚು. ಇದು ಆವರೆಗೆ ಗೊತ್ತಿದ್ದ ಕಾಮಾಲೆ ಅಲ್ಲ, ಬೇರೆಯೇ ವೈರಸ್ ಅಂತ ಅವರು ಅನುಮಾನಿಸಿದ್ದು ಅಲ್ಲಿಂದಲೇ.

ಕಾರಣ ಒಂದೇ ಅಲ್ಲ. ಹೊಟ್ಟೆಯಲ್ಲಿರುವ ಮಗುವಿನ ಅರ್ಧ ತಂದೆಯದು. ತಾಯಿಯ ಮೈ ಅದನ್ನು ಹೊರಗಿನದು ಅಂತ ತಿಳಿದು ಹೊಡೆಯದೇ ಇರಲು ರೋಗನಿರೋಧಕ ಶಕ್ತಿಯ ಒಂದು ಭಾಗ ತಾನಾಗಿ ತಗ್ಗಿರುತ್ತದೆ. ವೈರಸ್ಸನ್ನು ಓಡಿಸಲು ಬೇಕಾದದ್ದೂ ಅದೇ ಭಾಗ. ಕೊನೆಯ ತಿಂಗಳುಗಳಲ್ಲಿ ಮೈತುಂಬ ಏರುವ ಹಾರ್ಮೋನುಗಳು ವೈರಸ್ ಬೆಳೆಯಲು ಅನುಕೂಲ ಮಾಡಿಕೊಡುತ್ತವೆ ಅನ್ನುತ್ತಾರೆ. ಮೈಯಲ್ಲಿ ಫೋಲಿಕ್ ಆಮ್ಲ, ಪೌಷ್ಟಿಕಾಂಶ ಕಡಿಮೆ ಇದ್ದವರಿಗೆ ಪೆಟ್ಟು ಜಾಸ್ತಿ. ವೈರಸ್ಸಿನ ಬಗೆಯೂ ಮುಖ್ಯ. ನಮ್ಮಲ್ಲಿ ನೀರಿನಿಂದ ಬರುವುದು ಇ ಯ ಒಂದನೇ ಬಗೆ. ಯುರೋಪಿನಲ್ಲಿ ಸರಿಯಾಗಿ ಬೇಯದ ಹಂದಿ ಮಾಂಸದಿಂದ ಬರುವ ಮೂರನೇ ಬಗೆ ಬಸುರಿಯರನ್ನು ಹೀಗೆ ಕಾಡುವುದಿಲ್ಲ. ಎ ಕೂಡ ಬಸುರಿಯ ಜೀವಕ್ಕೆ ಬರುವುದು ಅಪರೂಪ. ಹಾಗಾಗಿ ಬಸುರಿಗೆ ಕಾಮಾಲೆ ಅಂದರೆ ಯಾವುದು ಅಂತ ಪರೀಕ್ಷೆ ಮಾಡಿಸುವುದು ಬರೀ ಕುತೂಹಲಕ್ಕಲ್ಲ.

ಲಿವರ್ ಸೋತಾಗ ಎರಡು ಕಡೆಯಿಂದ ಕುತ್ತು. ರಕ್ತದಲ್ಲಿ ಉಳಿದ ವಿಷ ಮಿದುಳಿಗೆ ಏರಿ ಮಂಪರು ಬರುತ್ತದೆ. ರಕ್ತ ಹೆಪ್ಪುಗಟ್ಟದೆ ಹೆರಿಗೆಯಲ್ಲಿ ನಿಲ್ಲದ ರಕ್ತಸ್ರಾವ ಆಗುತ್ತದೆ. ಮಗು ಹೊಟ್ಟೆಯಲ್ಲೇ ಹೋಗುವುದು, ತಿಂಗಳು ತುಂಬುವ ಮೊದಲೇ ಹುಟ್ಟುವುದು, ಇವೂ ಜಾಸ್ತಿ. "ಮಗು ತೆಗೆದುಬಿಟ್ಟರೆ ತಾಯಿ ಉಳೀತಾಳಾ?" ಅಂತ ಕೇಳುತ್ತಾರೆ. ಬರೀ ಹೆರಿಗೆ ಮಾಡಿಸುವುದರಿಂದ ತಾಯಿಯ ಲಿವರ್ ಸರಿಯಾಗುತ್ತದೆ ಅನ್ನಲು ಆಧಾರ ಇಲ್ಲ. ರಕ್ತ ಹೆಪ್ಪುಗಟ್ಟದ ಹೊತ್ತಿನಲ್ಲಿ ಆತುರದ ಆಪರೇಷನ್ ಇನ್ನೂ ಅಪಾಯ.

ಅವಳಿಗೆ ಬಂದ ದಿನ

ಗಂಡನನ್ನು ನೋಡಿದ ದಿನ ಅವಳ ರಕ್ತವೂ ನೋಡಿದ್ದೆವು. ಎಲ್ಲ ಸರಿ ಇತ್ತು. "ಸರಿ ಇದೆ ಅಂತ ಬಿಡಬೇಡಮ್ಮ. ದಿನಾ ಬೆಳಗ್ಗೆ ಮೊದಲ ಮೂತ್ರದ ಬಣ್ಣ ನೋಡು, ಬಿಳಿ ಮಗ್ ಇಟ್ಕೋ" ಅಂದೆ. ಕಣ್ಣಿಗಿಂತ ಮೊದಲು ಹೇಳುವುದು ಮೂತ್ರ. ನೀರು ಕಡಿಮೆ ಕುಡಿದರೂ ಹಳದಿಯಾಗುತ್ತದೆ, ಆದರೆ ಎರಡು ಲೋಟ ನೀರು ಕುಡಿದ ಮೇಲೆ ತಿಳಿಯಾಗುತ್ತದೆ. ಕಾಮಾಲೆಯ ಬಣ್ಣ ತಿಳಿಯಾಗುವುದಿಲ್ಲ. ಕಬ್ಬಿಣದ ಮಾತ್ರೆಯಿಂದ ಕಪ್ಪಾಗುವುದು ಮಲ. ಇದನ್ನು ಬೇರೆ ಮಾಡಿ ನೋಡಿಕೊಳ್ಳಿ.

ಹನ್ನೆರಡನೇ ದಿನ ಅವಳು ಎರಡು ಸಲ ವಾಂತಿ ಮಾಡಿಕೊಂಡಳು. ಅತ್ತೆ ಬಸುರಿ ವಾಂತಿ ಅಂದರು. ಬಸುರಿ ವಾಂತಿ ಮೊದಲ ಮೂರು ನಾಲ್ಕು ತಿಂಗಳದ್ದು. ಏಳನೇ ತಿಂಗಳಲ್ಲಿ ಹೊಸದಾಗಿ ಶುರುವಾದರೆ ಅದು ಬೇರೆ ಏನೋ. ಮರುದಿನ ಬೆಳಗ್ಗೆ ಮಗ್‌ನಲ್ಲಿ ಡಿಕಾಕ್ಷನ್ ಬಣ್ಣ. ಕಣ್ಣು ಇನ್ನೂ ಬಿಳಿಯೇ ಇತ್ತು. ಅವಳು ಭಾನುವಾರಕ್ಕೆ ಕಾಯಲಿಲ್ಲ, ಹತ್ತು ಗಂಟೆಗೆ ನಮ್ಮ ಮುಂದೆ ಇದ್ದಳು.

ಆ ದಿನ ಕೇಳಿ ಮಾಡಿಸಬೇಕಾದ ಪರೀಕ್ಷೆಗಳು ಇವು: ಬಿಲಿರುಬಿನ್, ಎಸ್‌ಜಿಪಿಟಿ, ಐಎನ್‌ಆರ್, ರಕ್ತದ ಸಕ್ಕರೆ, ಪ್ಲೇಟ್‌ಲೆಟ್, ಎ ಮತ್ತು ಇ ಯ ಐಜಿಎಂ, ಜೊತೆಗೆ ಹೆಪಟೈಟಿಸ್ ಬಿ. ಬಿಪಿಯನ್ನೂ ನೋಡಬೇಕು. ಬಸುರಿಯಲ್ಲಿ ಕಣ್ಣು ಹಳದಿಯಾಗಲು ಬಿಪಿ ಏರುವ ತೊಂದರೆ, ಲಿವರ್‌ನಲ್ಲಿ ಕೊಬ್ಬು ತುಂಬುವ ತೊಂದರೆ ಕೂಡ ಕಾರಣ ಆಗಬಹುದು. ಅವುಗಳಲ್ಲಿ ಬೇಗ ಹೆರಿಗೆ ಮಾಡಿಸುವುದೇ ಚಿಕಿತ್ಸೆ. ಇ ಯಲ್ಲಿ ಹಾಗಲ್ಲ. ಎರಡನ್ನೂ ಬೇರ್ಪಡಿಸುವ ಕೆಲಸ ಡಾಕ್ಟರದು. ಅವರ ಮುಂದೆ ಹೋಗಿ ಕೂರುವುದು ನಿಮ್ಮದು.

ಅವಳ ಐಎನ್‌ಆರ್ 1.3 ಬಂತು, ಬಿಲಿರುಬಿನ್ 4. ಅಡ್ಮಿಟ್ ಮಾಡಿದೆವು. ಮನೆಯಲ್ಲಿ ಸೊಂಪಾಗಿ ಮಲಗಲಿ ಅಂತ ಅತ್ತೆ ಕೇಳಿದರು. ಬಸುರಿಗೆ ಇ ಇದ್ದರೆ ಮನೆ ಬೇಡ, ಯಾಕೆಂದರೆ ಐಎನ್‌ಆರ್ ದಿನಾ ನೋಡಬೇಕು. ಎರಡನೇ ದಿನ 1.5, ಮೂರನೇ ದಿನ 1.7. ಇಲ್ಲಿ ಒಂದು ವಿಷಯ ಗಮನಿಸಿ. ಆ ಮೂರು ದಿನದಲ್ಲಿ ಎಸ್‌ಜಿಪಿಟಿ 1,200ರಿಂದ 700ಕ್ಕೆ ಇಳಿದಿತ್ತು. ಗಂಡ ಖುಷಿಯಾದ. ನಾವು ಆಗಲಿಲ್ಲ. ಎಸ್‌ಜಿಪಿಟಿ ಇಳಿದು, ಐಎನ್‌ಆರೂ ಇಳಿದರೆ ಲಿವರ್ ಸುಧಾರಿಸುತ್ತಿದೆ. ಎಸ್‌ಜಿಪಿಟಿ ಇಳಿಯುತ್ತಾ ಐಎನ್‌ಆರ್, ಬಿಲಿರುಬಿನ್ ಏರಿದರೆ, ಸಾಯಲು ಉಳಿದ ಲಿವರ್ ಕಣಗಳೇ ಕಡಿಮೆಯಾಗುತ್ತಿವೆ ಅಂತ ಅರ್ಥ ಇರಬಹುದು.

ಮಿದುಳಿಗೆ ಏರುತ್ತಿದೆಯಾ ಅಂತ ನೋಡಲು ದೊಡ್ಡ ಯಂತ್ರ ಬೇಡ. ನಾನು ಅವಳ ಕೈಗೆ ಒಂದು ನೋಟ್‌ಬುಕ್ ಕೊಟ್ಟೆ. ದಿನಾ ಬೆಳಗ್ಗೆ, ಸಂಜೆ ಅವಳ ಹೆಸರು, ಊರು, ವಾರ ಬರೆಯಬೇಕು. ಅಕ್ಷರ ಸೊಟ್ಟಗಾದರೆ, ಸಾಲು ಜಾರಿದರೆ, ವಾರ ತಪ್ಪಿದರೆ ಅದು ಮೊದಲ ಗುರುತು. ರಾತ್ರಿ ಎಚ್ಚರ, ಹಗಲು ನಿದ್ದೆ ಆದರೂ ಅದೇ. ಎರಡೂ ಕೈ ಮುಂದೆ ಚಾಚಿ ಬೆರಳು ಅಗಲಿಸಿ, ಅಂಗೈ ಎದುರಿನವರಿಗೆ ಕಾಣುವ ಹಾಗೆ ಮಣಿಕಟ್ಟನ್ನು ಹಿಂದಕ್ಕೆ ಮಡಚಲು ಹೇಳಿ. ಕೈ ಹಕ್ಕಿ ರೆಕ್ಕೆಯ ಹಾಗೆ ಬಡಿದುಕೊಂಡರೆ ತಡ ಮಾಡುವ ಹಾಗಿಲ್ಲ. ಸುಮ್ನೆ ಸಿಟ್ಟಾಗುವುದು, ಅಸಂಬದ್ಧ ಮಾತು, ವಸಡಿನಲ್ಲಿ ರಕ್ತ, ನಿಲ್ಲದ ವಾಂತಿ, ಮಗು ಮಿಸುಕಾಡುವುದು ಕಡಿಮೆ, ಇವು ಯಾವುದೇ ಆದರೂ ಅದೇ ಗಂಟೆ ಹೊರಡಬೇಕು. ಮನೆಯಲ್ಲಿದ್ದರೆ 108ಕ್ಕೆ ಫೋನ್ ಮಾಡಿ, "ಏಳು ತಿಂಗಳ ಬಸುರಿ, ಕಾಮಾಲೆ, ಮಂಪರು" ಅಂತ ಮೂರು ಮಾತು ಹೇಳಿ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷದ ಹಿಂದೆ ಎಂಟು ತಿಂಗಳ ಬಸುರಿಯೊಬ್ಬಳನ್ನು ರಾತ್ರಿ ಹನ್ನೊಂದಕ್ಕೆ ಕರೆತಂದರು. ಕಾಮಾಲೆ ಬಂದು ಒಂಬತ್ತು ದಿನ ಆಗಿತ್ತು. ಮೂರು ಸಲ ಔಷಧಿ ಹಾಕಿಸಿದ್ದರು. "ಎರಡು ದಿನದಿಂದ ಚೆನ್ನಾಗಿ ನಿದ್ದೆ ಮಾಡ್ತಿದಾಳೆ ಸಿಸ್ಟರ್, ಸುಸ್ತು ಇಳೀತಿದೆ ಅಂದ್ಕೊಂಡ್ವಿ" ಅಂದಳು ತಾಯಿ. ಅದು ನಿದ್ದೆ ಆಗಿರಲಿಲ್ಲ. ಮಗುವಿನ ಎದೆಬಡಿತ ಸಿಗಲಿಲ್ಲ. ಮೂರನೇ ದಿನ ಅವಳೂ ಉಳಿಯಲಿಲ್ಲ.

ಈ ಹುಡುಗಿಯನ್ನು ಐಎನ್‌ಆರ್ 1.7 ಆದ ದಿನ, ಇನ್ನೂ ಚೆನ್ನಾಗಿ ಮಾತಾಡುತ್ತಿರುವಾಗಲೇ ಬೆಂಗಳೂರಿಗೆ ಕಳಿಸಿದೆವು. ಐಸಿಯು, ರಕ್ತನಿಧಿ, ಲಿವರ್ ಡಾಕ್ಟರು ಮೂರೂ ಇರುವ ಆಸ್ಪತ್ರೆಗೆ. ಎಚ್ಚರ ಇರುವಾಗ ಕಳಿಸುವುದಕ್ಕೂ ಮಂಪರು ಬಂದ ಮೇಲೆ ಕಳಿಸುವುದಕ್ಕೂ ಭೂಮಿ ಆಕಾಶದ ವ್ಯತ್ಯಾಸ. ಅಲ್ಲಿ ಕೊಟ್ಟದ್ದು ವೈರಸ್ ಕೊಲ್ಲುವ ಮದ್ದಲ್ಲ. ಇ ಗೆ ಬೇರೆಯವರಿಗೆ ಕೆಲವೊಮ್ಮೆ ಕೊಡುವ ರಿಬಾವಿರಿನ್ ಮಗುವಿಗೆ ಹಾನಿ ಮಾಡುವುದರಿಂದ ಬಸುರಿಗೆ ಕೊಡುವಂತಿಲ್ಲ. ಸಕ್ಕರೆ ಇಳಿಯದಂತೆ ಡ್ರಿಪ್, ಮಲ ಕಟ್ಟದಂತೆ ಔಷಧಿ, ಗಂಟೆ ಗಂಟೆಗೂ ಕಾವಲು. ಲಿವರ್ ತಾನಾಗಿ ಏಳುವವರೆಗೆ ಹಿಡಿದಿಡುವ ಕೆಲಸ ಅದು. ಐಎನ್‌ಆರ್ 1.9ರವರೆಗೆ ಹೋಗಿ ನಿಂತಿತು, ಆರನೇ ದಿನದಿಂದ ಇಳಿಯಿತು. ನೋಟ್‌ಬುಕ್ಕಿನ ಅಕ್ಷರ ಒಂದು ದಿನವೂ ಸೊಟ್ಟಗಾಗಲಿಲ್ಲ.

ಹೆರಿಗೆ 37ನೇ ವಾರಕ್ಕೆ ಆಯಿತು. ಹೆಣ್ಣು ಮಗು, 2.4 ಕೆಜಿ. ತಾಯಿಗೆ ಬಸುರಿನ ಕೊನೆಯಲ್ಲಿ ಇ ಬಂದಿದ್ದರೆ ಮಗುವಿಗೂ ದಾಟಿರಬಹುದು. ಆದ್ದರಿಂದ ಹೆರಿಗೆ ಕೋಣೆಯಲ್ಲೇ ಮಕ್ಕಳ ಡಾಕ್ಟರಿಗೆ ವಿಷಯ ಹೇಳಿ, ಮಗುವಿನ ಸಕ್ಕರೆ, ಬಿಲಿರುಬಿನ್ ನೋಡಿಸಿ. ಹಾಲು ಕುಡಿಸುವುದನ್ನೂ ಅವರನ್ನೇ ಕೇಳಿ. ಈ ಮಗುವಿನದು ಎಲ್ಲ ಸರಿ ಇತ್ತು. ಅವರ ಬೀದಿಯಲ್ಲಿ ಒಟ್ಟು ಏಳು ಜನಕ್ಕೆ ಬಂದಿತ್ತು. ಮುಳುಗಿದ್ದ ವಾಲ್ವ್ ಗುಂಡಿಯ ಪಕ್ಕ ಪೈಪು ಬಿರಿದಿತ್ತಂತೆ. ಅದನ್ನು ಬದಲಾಯಿಸಿ, ಚರಂಡಿಯಿಂದ ದೂರಕ್ಕೆ ಎಳೆದಿದ್ದಾರೆ ಅಂತ ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದಾಗ ಅತ್ತೆ ಹೇಳಿದರು. ಅವರ ಚೀಲದಲ್ಲಿ ಕುದಿಸಿ ಆರಿಸಿದ ನೀರಿನ ಸ್ಟೀಲ್ ಬಾಟಲ್ ಇತ್ತು.